ಮೂರರಿಂದ ಐದನೇ ತರಗತಿಗೆ ದಿನನಿತ್ಯದ ಹೋಂವರ್ಕ್ ನಿಲ್ಲಿಸುತ್ತಿದ್ದೇವೆ: ಪೋಷಕರಿಗೆ ಹೇಗೆ ತಿಳಿಸಿ ಹೇಳುವುದು?

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಅನುದಾನಿತ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆ. ಇಲ್ಲಿಯವರೆಗೆ ಮೂರನೇ ತರಗತಿಯಿಂದಲೇ ಪ್ರತಿದಿನ ನಾಲ್ಕು ವಿಷಯಗಳಿಗೆ ಹೋಂವರ್ಕ್ ಕೊಡುತ್ತಿದ್ದೆವು. ಮುಂದಿನ ತಿಂಗಳಿಂದ ಇದನ್ನು ಬದಲಿಸಲು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಒಂದು ಮತ್ತು ಎರಡನೇ ತರಗತಿಗೆ ಬರೆಯುವ ಕೆಲಸ ಮನೆಗೆ ಹೋಗುವುದಿಲ್ಲ. ಮೂರರಿಂದ ಐದರವರೆಗೆ ಸೋಮವಾರ ಒಂದೇ ಒಂದು ಹಾಳೆ ಕೊಟ್ಟು ಶನಿವಾರ ಹಿಂದಕ್ಕೆ ಪಡೆಯುತ್ತೇವೆ. ಒಟ್ಟು ಕೆಲಸ ವಾರಕ್ಕೆ ಎರಡು ಗಂಟೆ ಮೀರಬಾರದು ಎಂಬುದು ನಿಯಮ. ಹಾಳೆಯಲ್ಲಿ ಆರು ಲೆಕ್ಕ, ಗಟ್ಟಿಯಾಗಿ ಓದಬೇಕಾದ ಒಂದು ಪುಟ ಮತ್ತು ಮನೆಯವರನ್ನು ಕೇಳಿ ತಿಳಿದುಕೊಂಡು ಬರಬೇಕಾದ ಒಂದು ಪ್ರಶ್ನೆ ಇರುತ್ತವೆ.

ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಇರುವುದೂ ಇದೇ ಪ್ರಮಾಣ. ಆದರೆ ಪೋಷಕರ ಸಭೆಯಲ್ಲಿ ಕೇಂದ್ರದ ನೀತಿಯನ್ನು ಓದಿ ಹೇಳಿದರೆ ಕೆಲಸ ಆಗುವುದಿಲ್ಲ ಎಂದು ನನಗೆ ಗೊತ್ತು. ವಿಷಯ ಹೊರಗೆ ಬಿದ್ದ ಕೂಡಲೇ ಒಬ್ಬ ತಂದೆ ಗೇಟಿನ ಬಳಿ ನಿಂತು, "ಹೋಂವರ್ಕ್ ಇಲ್ಲದ ಮೇಲೆ ಮಗುವನ್ನು ಇಲ್ಲಿ ಯಾಕೆ ಬಿಡಬೇಕು ಮೇಡಂ, ಟಿ.ಸಿ. ಕೊಡಿ" ಎಂದರು. ದಾಖಲಾತಿ ಕಡಿಮೆಯಾದರೆ ಹುದ್ದೆಯೇ ಉಳಿಯದ ಕಾಲವಿದು, ಆದ್ದರಿಂದ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಪೋಷಕರಿಗೆ ಯಾವ ಕಾರಣಗಳನ್ನು ಹೇಳಬೇಕು, ಮನೆಯಲ್ಲಿ ಅವರು ಏನು ಮಾಡಬೇಕೆಂದು ಹೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಇಬ್ಬರು ಮಕ್ಕಳ ಅಮ್ಮ, ಹಾಸನ

ಮೇಡಂ, ನಿಮ್ಮ ಶಾಲೆ ನಮ್ಮೂರಿನಲ್ಲಿ ಇದ್ದಿದ್ದರೆ ನಾನೇ ಮೊದಲು ಬಂದು ಮಕ್ಕಳನ್ನು ಸೇರಿಸುತ್ತಿದ್ದೆ. ನಾಲ್ಕನೇ ತರಗತಿಯ ನನ್ನ ಮಗಳು ರಾತ್ರಿ ಒಂಬತ್ತೂವರೆಯಾದರೂ ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ನೋಟ್ಸಿನಿಂದ ನೋಟ್ಸಿಗೆ ನಕಲು ಮಾಡುತ್ತಾ ಕೂತಿರುತ್ತಾಳೆ.

ದಾವಣಗೆರೆಯ ಅಪ್ಪ

ನಾನು ವಿರೋಧವಾಗಿಯೇ ಬರೆಯುತ್ತೇನೆ, ಯಾರೂ ಬೇಸರಪಡಬಾರದು. ನಮ್ಮ ಕಾಲದಲ್ಲಿ ಸ್ಲೇಟು ತುಂಬ ಬರೆದು, ಒರೆಸಿ, ಮತ್ತೆ ಬರೆದೇ ಕಲಿತೆವು. ಈಗ ಬರೆಯುವುದೇ ಹೊರೆ ಎನ್ನುತ್ತೀರಿ. ಪಕ್ಕದ ಖಾಸಗಿ ಶಾಲೆಯಲ್ಲಿ ದಿನಕ್ಕೆ ನಾಲ್ಕು ಪುಟ ಬರೆಸುತ್ತಾರೆ. ನಾಳೆ ಆ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುತ್ತಾರೆ. ಆಗ ನೀತಿ ರೂಪಿಸಿದವರು ಬಂದು ಅಂಕ ಕೊಡುತ್ತಾರೆಯೇ? ಸಂಜೆ ಪುಸ್ತಕ ಇಲ್ಲದಿದ್ದರೆ ಮಗುವಿನ ಕೈಗೆ ಮೊಬೈಲ್ ಬರುತ್ತದೆ, ಅಷ್ಟೇ.

ಕಾನೂನು ಗೊತ್ತಿರುವವ

ದಾವಣಗೆರೆಯವರೇ, ಇದರಲ್ಲಿ ಚರ್ಚೆಗೇ ಜಾಗವಿಲ್ಲ. 2018ರಲ್ಲಿಯೇ ಮದ್ರಾಸ್ ಹೈಕೋರ್ಟ್ ಪ್ರಾಥಮಿಕ ಶಾಲೆಗಳಲ್ಲಿ ಹೋಂವರ್ಕ್ ನಿಷೇಧಿಸಿದೆ. ಕೊಡುವ ಶಾಲೆಯ ಮೇಲೆ ದೂರು ಕೊಡಬಹುದು. ಪೋಷಕರಿಗೆ ಇದೊಂದು ಮಾತು ಹೇಳಿದರೆ ಸಾಕು.

ಡಯಟ್ ಉಪನ್ಯಾಸಕ

ಕಾನೂನಿನವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಮದ್ರಾಸ್ ಹೈಕೋರ್ಟ್ 2018ರ ಮೇ ತಿಂಗಳಲ್ಲಿ ಹೇಳಿದ್ದು ಒಂದು ಮತ್ತು ಎರಡನೇ ತರಗತಿಯ ಬಗ್ಗೆ ಮಾತ್ರ. ಅದೇ ವರ್ಷದ ಕೊನೆಯಲ್ಲಿ ಕೇಂದ್ರವು ರಾಜ್ಯಗಳಿಗೆ ಕಳುಹಿಸಿದ ಸೂಚನೆಯೂ ಆ ಎರಡು ತರಗತಿಗಳಿಗೇ ಹೋಂವರ್ಕ್ ಬೇಡ ಎಂದಿತು. ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ, ಅದರ ಮೇಲಿನವರಿಗೆ ದಿನಕ್ಕೆ ಎರಡು ಗಂಟೆ ಎಂಬ ಮಿತಿ ಬಂದಿದ್ದು 2020ರ ನೀತಿಯಲ್ಲಿ. ಆದ್ದರಿಂದ "ನಿಷೇಧ" ಎಂಬ ಮಾತನ್ನು ಸಭೆಯಲ್ಲಿ ಎತ್ತಲೇಬೇಡಿ. ಹೋಂವರ್ಕ್ ನಿಂತಿದೆ ಎಂದು ಹೇಳಿದ ಕ್ಷಣವೇ ಪೋಷಕರ ಕಿವಿ ಮುಚ್ಚಿಹೋಗುತ್ತದೆ. ಹೋಂವರ್ಕ್ ಇದೆ, ಅದರ ಸ್ವರೂಪ ಬದಲಾಗಿದೆ ಎಂದು ಹೇಳಿ. ನಿಮ್ಮ ಶೀರ್ಷಿಕೆಯಲ್ಲಿಯೇ "ನಿಲ್ಲಿಸುತ್ತಿದ್ದೇವೆ" ಎಂದಿದೆ ಮೇಡಂ, ಪತ್ರದಲ್ಲಿ ಅದು ಬರದಿರಲಿ.

ಇನ್ನು ಕಾರಣ. ದಾವಣಗೆರೆಯವರ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಲ್ಲಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುತ್ತದೆ. ಹೋಂವರ್ಕಿಗೂ ಅಂಕಗಳಿಗೂ ಇರುವ ಸಂಬಂಧ ಏಳನೇ ತರಗತಿಯಿಂದ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಕೆಳಗಿನ ತರಗತಿಗಳಲ್ಲಿ ಬಹಳ ದುರ್ಬಲವಾಗಿದೆ ಎಂಬುದು ಅದರ ಸಾರ. ಹೈಸ್ಕೂಲಿನ ಹುಡುಗನಿಗೆ ಹೋಂವರ್ಕ್ ಬೇಕು ಎಂಬ ಅವರ ಮಾತಿಗೆ ಇದು ವಿರುದ್ಧವಲ್ಲ. ಎಂಟು ವರ್ಷದ ಮಗುವಿಗೆ ಅದೇ ಪ್ರಮಾಣ ಕೊಟ್ಟರೆ ಅದೇ ಫಲ ಸಿಗುವುದಿಲ್ಲ ಎಂದಷ್ಟೇ ಹೇಳುತ್ತದೆ.

ದಾವಣಗೆರೆಯ ಅಪ್ಪ

ಅಮೆರಿಕದ ಮಕ್ಕಳ ಲೆಕ್ಕ ನಮಗೆ ಹೇಗೆ ಅನ್ವಯವಾಗುತ್ತದೆ ಸರ್? ಅಲ್ಲಿ ಮನೆಯಲ್ಲಿ ಪುಸ್ತಕಗಳಿರುತ್ತವೆ, ಅಪ್ಪ ಅಮ್ಮ ಓದಿರುತ್ತಾರೆ. ನಮ್ಮಲ್ಲಿ ಶಾಲೆ ಹೇಳಿದ್ದನ್ನು ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ.

ಡಯಟ್ ಉಪನ್ಯಾಸಕ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅದರ ಜೊತೆಗೆ, ಅಲ್ಲಿ ಕಂಡಿದ್ದು ಬಹುಮಟ್ಟಿಗೆ ಸಂಬಂಧವೇ ಹೊರತು ಕಾರಣವಲ್ಲ. ಕಷ್ಟಪಡುವ ಮಗುವೇ ಹೆಚ್ಚು ಹೊತ್ತು ಕೂತಿರುವ ಸಾಧ್ಯತೆಯೂ ಇದೆ. ಹಾಗಾಗಿ ನಾನು ತರಬೇತಿಗಳಲ್ಲಿ ಅಂಕಿಅಂಶ ಬಿಟ್ಟು ನಮ್ಮದೇ ಮಕ್ಕಳ ನೋಟ್‌ಬುಕ್ ತೆರೆದು ತೋರಿಸುತ್ತೇನೆ. ಮೇಡಂ ಕೂಡ ಸಭೆಯಲ್ಲಿ ಹಾಗೆಯೇ ಮಾಡಲಿ. ಕಪ್ಪು ಹಲಗೆಯ ಮೇಲೆ ಒಂದೇ ಒಂದು ಲೆಕ್ಕ ಬರೆಯಿರಿ: 52ರಿಂದ 27 ಕಳೆಯಬೇಕು.

ಮೂರನೇ ತರಗತಿಯ ಬಹಳಷ್ಟು ಮಕ್ಕಳು ಇದಕ್ಕೆ 35 ಎಂದು ಬರೆಯುತ್ತಾರೆ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರುವುದಿಲ್ಲ, ಆದ್ದರಿಂದ ಮಗು ತಿರುಗಿಸಿ 7ರಿಂದ 2 ಕಳೆದು 5 ಬರೆಯುತ್ತದೆ. ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3. ಇದು ಗಮನವಿಲ್ಲದೆ ಆದ ತಪ್ಪಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟ ನಿಯಮವನ್ನು ಮಗು ಪ್ರಾಮಾಣಿಕವಾಗಿ ಪಾಲಿಸಿರುತ್ತದೆ. ಈಗ ಆ ಮಗುವಿಗೆ ಇಂಥ ಇಪ್ಪತ್ತು ಲೆಕ್ಕ ಮನೆಗೆ ಕೊಟ್ಟರೆ, ಮನೆಯಲ್ಲಿ ನೋಡುವವರು ಇಲ್ಲದಿದ್ದಲ್ಲಿ ಅದೇ ತಪ್ಪು ಇಪ್ಪತ್ತು ಸಲ ಅಭ್ಯಾಸವಾಗಿ ಕೈಗೆ ಕೂತುಬಿಡುತ್ತದೆ. ನೋಡುವವರು ಇದ್ದಲ್ಲಿ ಅಕ್ಕನೋ ಟ್ಯೂಷನ್ ಮೇಡಮ್ಮೋ 35 ಅಳಿಸಿ 25 ಬರೆಸುತ್ತಾರೆ. ಮರುದಿನ ಶಿಕ್ಷಕರು ಸರಿ ಗುರುತು ಹಾಕುತ್ತಾರೆ. ಮಗುವಿಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಶಾಲೆಗೆ ಗೊತ್ತಾಗುವುದೇ ಇಲ್ಲ.

ಹೋಂವರ್ಕ್ ಕಡಿಮೆ ಮಾಡುವುದಕ್ಕೆ ನಾನು ಕೊಡುವ ಮುಖ್ಯ ಕಾರಣ ಇದೇ. ಶಿಕ್ಷಕರು ನಿಜವಾಗಿ ಕೂತು ನೋಡಲು ಆಗುವಷ್ಟನ್ನು ಮಾತ್ರ ಕೊಡಬೇಕು. ನಲವತ್ತು ಮಕ್ಕಳು, ತಲಾ ಇಪ್ಪತ್ತು ಲೆಕ್ಕ ಎಂದರೆ ಎಂಟುನೂರು. ಅಷ್ಟನ್ನು ಒಂದು ಬಿಡುವಿನ ಅವಧಿಯಲ್ಲಿ ನೋಡುವವರು ಪುಟದ ಮೇಲೆ ಒಂದು ಉದ್ದ ಗೆರೆ ಎಳೆದು ಸಹಿ ಹಾಕುತ್ತಾರೆ, ಬೇರೆ ದಾರಿಯಿಲ್ಲ. ತಲಾ ಆರು ಲೆಕ್ಕವಾದರೆ ಯಾರು 35 ಬರೆದಿದ್ದಾರೆ ಎಂದು ಹುಡುಕಲು ಸಾಧ್ಯ.

ಇಬ್ಬರು ಮಕ್ಕಳ ಅಮ್ಮ, ಹಾಸನ

ಉದ್ದ ಗೆರೆಯ ಸಹಿಯನ್ನು ಓದಿ ನಗು ಬಂತು. ನಮ್ಮ ಮನೆಯ ಎಲ್ಲಾ ನೋಟ್‌ಬುಕ್ಕುಗಳಲ್ಲೂ ಅದೇ ಇದೆ.

ನಿವೃತ್ತ ಮೇಷ್ಟ್ರು, ಸಾಗರ

ಉಪನ್ಯಾಸಕರ ಲೆಕ್ಕದ ಉದಾಹರಣೆ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಮಗ್ಗಿಯ ವಿಷಯದಲ್ಲಿ ಈ ಹೊಸ ಮಾತುಗಳು ನಡೆಯುವುದಿಲ್ಲ. ಏಳನೇ ತರಗತಿಗೆ ಬಂದ ಹುಡುಗ ಏಳೆಂಟ್ಲ ಎಷ್ಟು ಎಂದರೆ ಬೆರಳು ಎಣಿಸುತ್ತಾನೆ. ದಿನವೂ ಮಗ್ಗಿ ಬರೆಸದಿದ್ದರೆ ಇದು ಹೇಗೆ ಸರಿಹೋಗುತ್ತದೆ? ದುಂಡಗಿನ ಅಕ್ಷರವೂ ಹಾಗೆಯೇ, ಕಾಪಿ ಬರೆಯದೆ ಬರುವುದಿಲ್ಲ.

ಡಯಟ್ ಉಪನ್ಯಾಸಕ

ಮೇಷ್ಟ್ರೇ, ಮಗ್ಗಿ ಬಾಯಿಗೆ ಬರಲೇಬೇಕು ಎಂಬುದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಏಳರ ಮಗ್ಗಿಯನ್ನು ಐದು ಸಲ ಬರೆ ಎಂದಾಗ ಮಗು ಏನು ಮಾಡುತ್ತದೆ ಎಂದು ಪಕ್ಕದಲ್ಲಿ ಕೂತು ಒಮ್ಮೆ ನೋಡಿ. ಮೊದಲು ಮೇಲಿನಿಂದ ಕೆಳಗೆ ಹತ್ತು ಸಲ 7 ಬರೆದುಕೊಳ್ಳುತ್ತದೆ. ಆಮೇಲೆ ಒಂದು ಸಾಲು ಗುಣಾಕಾರದ ಗುರುತು, ನಂತರ 1ರಿಂದ 10, ನಂತರ ಸಮ ಚಿಹ್ನೆಗಳು. ಕೊನೆಯಲ್ಲಿ ಪುಸ್ತಕ ನೋಡಿ ಉತ್ತರಗಳ ಸಾಲು. ಇಡೀ ಕೆಲಸದಲ್ಲಿ "ಏಳೆಂಟ್ಲ ಐವತ್ತಾರು" ಎಂಬುದು ಒಂದು ಸಲವೂ ಅದರ ತಲೆಯಲ್ಲಿ ಓಡಿರುವುದಿಲ್ಲ. ಅದೇ ಮಗುವನ್ನು ಅಮ್ಮ ರೊಟ್ಟಿ ತಟ್ಟುತ್ತಾ ಅಡ್ಡಾದಿಡ್ಡಿಯಾಗಿ ಐದು ಪ್ರಶ್ನೆ ಕೇಳಿದರೆ, ಎರಡು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಕಲಿಕೆ ಆಗುತ್ತದೆ. ಇಂದು ತಪ್ಪಿದ್ದನ್ನು ನಾಳೆ ಮತ್ತೆ ಕೇಳಬೇಕು, ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಬೇಕು, ಅಷ್ಟೇ ನಿಯಮ.

ನಿವೃತ್ತ ಮೇಷ್ಟ್ರು, ಸಾಗರ

ಕಂಬಸಾಲಿನಲ್ಲಿ ಬರೆಯುವುದನ್ನು ನಾನೂ ನೋಡಿದ್ದೇನೆ, ಅದಕ್ಕಾಗಿ ಬೈದೂ ಇದ್ದೇನೆ. ಕಾಪಿ ಬರಹದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪಿಯುಸಿ ಪೋಷಕ

ನನ್ನ ಮಗ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಕಾಲೇಜಿನಲ್ಲಿ ರೆಕಾರ್ಡ್ ಪುಸ್ತಕ ಬರೆಸುವುದನ್ನೂ ಈ ನೀತಿಯ ಪ್ರಕಾರ ಕಡಿಮೆ ಮಾಡಿಸಬಹುದೇ? ಅವನಿಗೆ ನಿದ್ರೆಯೇ ಸಾಲುತ್ತಿಲ್ಲ.

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಪಿಯುಸಿ ಪೋಷಕರೇ, ಇಲ್ಲಿ ನಾವು ಮಾತನಾಡುತ್ತಿರುವುದು ಎಂಟರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ. ಪ್ರಯೋಗದ ರೆಕಾರ್ಡ್ ಬೇರೆ ವಿಷಯ, ಅದನ್ನು ಕಾಲೇಜಿನಲ್ಲಿಯೇ ಕೇಳಬೇಕು.

ಉಪನ್ಯಾಸಕರೇ, 52ರಿಂದ 27ರ ಉದಾಹರಣೆಯನ್ನು ಖಂಡಿತ ಬಳಸುತ್ತೇನೆ. ಆದರೆ ನಮ್ಮ ಪೋಷಕರಲ್ಲಿ ಅರ್ಧದಷ್ಟು ಜನ ಗಾರ್ಮೆಂಟ್ಸ್ ಮತ್ತು ಕೂಲಿ ಕೆಲಸದವರು, ಕೆಲವರಿಗೆ ಓದಲು ಬರುವುದಿಲ್ಲ. "ಮನೆಯಲ್ಲಿ ಸಹಾಯ ಮಾಡಿ" ಎಂದು ಪತ್ರದಲ್ಲಿ ಬರೆದರೆ ಅವರಿಗೆ ಅದು ಅವಮಾನದಂತೆ ಕೇಳಿಸಬಹುದು.

ಗಾರ್ಮೆಂಟ್ಸ್ ತಾಯಿ, ರಾಮನಗರ

ಮೇಡಂ, ನೀವು ಹೇಳಿದ ಗುಂಪಿನವಳು ನಾನು. ಬೆಳಿಗ್ಗೆ ಏಳೂವರೆಗೆ ಕಂಪನಿ ಬಸ್ಸು, ಮನೆಗೆ ಬರುವಾಗ ಸಂಜೆ ಏಳು ದಾಟಿರುತ್ತದೆ. ನಾನು ಆರನೇ ತರಗತಿಯವರೆಗೆ ಓದಿದ್ದೇನೆ. ಮಗನಿಗೆ ಹೋಂವರ್ಕ್ ಮಾಡಿಸಲು ಆಗುವುದಿಲ್ಲವೆಂದು ತಿಂಗಳಿಗೆ ಐನೂರು ರೂಪಾಯಿ ಕೊಟ್ಟು ಟ್ಯೂಷನ್‌ಗೆ ಹಾಕಿದ್ದೇನೆ. ಅಲ್ಲಿ ಇಪ್ಪತ್ತೈದು ಮಕ್ಕಳನ್ನು ಕೂರಿಸಿಕೊಂಡು ಬೋರ್ಡಿನ ಮೇಲೆ ಉತ್ತರ ಬರೆಯುತ್ತಾರೆ, ಎಲ್ಲರೂ ನೋಡಿಕೊಂಡು ಬರೆಯುತ್ತಾರೆ. ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯವನೇ ಥರ್ಮೋಕೋಲಿನಲ್ಲಿ ಮಾಡಿ ಕೊಡುತ್ತಾನೆ, ನಾವು ದುಡ್ಡು ಕೊಟ್ಟು ತರುತ್ತೇವೆ. ಮಗ ಏನು ಕಲಿತ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಬೇಕಾಗಿರುವುದು ಒಂದೇ. ಓದಿರದ ನಾನು, ಅವನು ನಿಜವಾಗಿ ಓದುತ್ತಿದ್ದಾನೋ ಇಲ್ಲವೋ ಎಂದು ಹೇಗೆ ತಿಳಿದುಕೊಳ್ಳಲಿ?

ನಲಿಕಲಿ ಶಿಕ್ಷಕಿ, ಎಚ್.ಡಿ. ಕೋಟೆ

ಅಕ್ಕಾ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ನಲಿಕಲಿ ಶುರುವಾಗಿದ್ದು 1995ರಲ್ಲಿ. ಕಾರ್ಡುಗಳನ್ನು ಹಿಡಿದು ಕೂರುವ ಮಕ್ಕಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅನೇಕ ಮಕ್ಕಳು ಓದುವುದಿಲ್ಲ, ಒಪ್ಪಿಸುತ್ತಾರೆ. ಪಾಠ ಪೂರ್ತಿ ಬಾಯಿಪಾಠವಾಗಿರುತ್ತದೆ, ಬೆರಳು ಒಂದು ಸಾಲಿನ ಮೇಲಿದ್ದರೆ ಬಾಯಿ ಇನ್ನೊಂದು ಸಾಲಿನಲ್ಲಿ ಇರುತ್ತದೆ.

ನೀವು ಮಗನ ಪಕ್ಕದಲ್ಲಿ ಕೂತು ಪುಟದ ನಡುವೆ ಎಲ್ಲಾದರೂ ಬೆರಳಿಟ್ಟು, "ಇಲ್ಲಿಂದ ಓದು" ಎನ್ನಿ. ಓದಲು ಬರುವ ಮಗು ಅಲ್ಲಿಂದಲೇ ಶುರು ಮಾಡುತ್ತದೆ. ಒಪ್ಪಿಸುವ ಮಗು ತಡಬಡಾಯಿಸಿ ಮೊದಲ ಸಾಲಿಗೆ ಓಡುತ್ತದೆ. ಆಮೇಲೆ ಒಂದೇ ಪದದ ಮೇಲೆ ಬೆರಳಿಟ್ಟು ಅದೇನೆಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪದವನ್ನು ತೋರಿಸಿ. ಎರಡು ಸಲವೂ ಒಂದೇ ಉತ್ತರ ಬಂದರೆ ನಂಬಬಹುದು, ಬೇರೆ ಬೇರೆ ಬಂದರೆ ಊಹಿಸುತ್ತಿದ್ದಾನೆ ಎಂದು ಅರ್ಥ. ಇದಕ್ಕೆ ನಿಮಗೆ ಓದು ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

ಓದುವಾಗ ತಡೆದು ನಿಂತರೆ ಕೂಡಲೇ ಹೇಳಿಕೊಡಬೇಡಿ, ಬೈಯಲೂ ಬೇಡಿ. ಮನಸ್ಸಿನಲ್ಲಿ ಐದು ಎಣಿಸುವಷ್ಟು ಹೊತ್ತು ಕಾಯಿರಿ. ಹೆಚ್ಚಾಗಿ ಒತ್ತಕ್ಷರದ ಬಳಿಯೇ ನಿಲ್ಲುತ್ತಾರೆ, "ರಾಷ್ಟ್ರ", "ಸ್ವಾತಂತ್ರ್ಯ" ಇಂಥ ಕಡೆ. ಬಿಡಿಸಿಕೊಂಡು ಓದಿದರೆ ಒಳ್ಳೆಯದು, ಆಗದಿದ್ದರೆ ಆ ಪದದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಮುಂದೆ ಹೋಗಲಿ. ಒಂದೇ ಪುಟದಲ್ಲಿ ಐದಾರು ಗೆರೆಗಳಾದರೆ ಆ ಪುಸ್ತಕ ಅವನಿಗೆ ಇನ್ನೂ ಕಷ್ಟ, ಶಾಲೆಗೆ ಹೇಳಿ ಸುಲಭವಾದುದನ್ನು ಕೇಳಿ ತೆಗೆದುಕೊಳ್ಳಿ. ಕೊನೆಯಲ್ಲಿ "ಇದರಲ್ಲಿ ಏನಾಯಿತು, ನನಗೆ ಹೇಳು" ಎನ್ನಿ. ನಿಮಗೆ ಗೊತ್ತಿಲ್ಲದ್ದನ್ನು ಅವನು ಹೇಳಬೇಕಾಗಿ ಬಂದಾಗ ಹುಡುಗರು ಎಷ್ಟು ಉತ್ಸಾಹದಿಂದ ಹೇಳುತ್ತಾರೆ ನೋಡಿ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ.

ಗಾರ್ಮೆಂಟ್ಸ್ ತಾಯಿ, ರಾಮನಗರ

ಈಗಷ್ಟೇ ಮಾಡಿ ನೋಡಿದೆ ಮೇಡಂ. ನಡುವೆ ಬೆರಳಿಟ್ಟರೆ, "ಅಮ್ಮಾ, ಮೊದಲಿಂದ ಓದ್ತೀನಿ" ಎಂದ. ಮೊದಲಿನಿಂದ ಬಿಟ್ಟರೆ ಪಟಪಟನೆ ಹೇಳಿಬಿಟ್ಟ. ಮನಸ್ಸಿಗೆ ಕಷ್ಟವಾಯಿತು, ಆದರೆ ಗೊತ್ತಾದದ್ದು ಒಳ್ಳೆಯದೇ ಆಯಿತು. ನಾಳೆ ಅವನ ಕ್ಲಾಸ್ ಟೀಚರಿಗೆ ಹೇಳುತ್ತೇನೆ.

ದಾವಣಗೆರೆಯ ಅಪ್ಪ

ತಾಯಿಯವರ ಮಾತು ಓದಿ ನಾನೂ ಯೋಚಿಸಿದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಲೆಕ್ಕದಲ್ಲಿ 35 ಬರೆದರೆ ನಾವೇನು ಮಾಡಬೇಕು? ತಪ್ಪು ಎಂದು ಕಣ್ಣಿಗೆ ಕಾಣುತ್ತಿರುವಾಗ ಸುಮ್ಮನೆ ಬಿಟ್ಟು ಕಳುಹಿಸುವುದೇ? ಶಾಲೆಯಲ್ಲಿ ಮಗುವಿಗೆ ಬೈಗುಳ ಬೀಳುವುದಿಲ್ಲವೇ?

ಡಯಟ್ ಉಪನ್ಯಾಸಕ

ಅಳಿಸಬೇಡಿ, ರಬ್ಬರನ್ನು ಮುಟ್ಟಲೇಬೇಡಿ. ಮೊದಲು, "ಇದು ಹೇಗೆ ಬಂತು, ಹೇಳು" ಎಂದು ಕೇಳಿ, ಸರಿಯಾದ ಉತ್ತರದ ಪಕ್ಕದಲ್ಲಿಯೂ ಒಮ್ಮೊಮ್ಮೆ ಹಾಗೆಯೇ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಪ್ರಶ್ನೆ ಬಂದ ಕೂಡಲೇ ಮಗು ಉತ್ತರ ಅಳಿಸಲು ಕಲಿಯುತ್ತದೆ. ನಂತರ ತಾಳೆ ನೋಡಲು ಹೇಳಿ. 35ಕ್ಕೆ 27 ಕೂಡಿಸಿದರೆ 62 ಬರುತ್ತದೆ, 52 ಬರುವುದಿಲ್ಲ. ಎಲ್ಲೋ ತಪ್ಪಿದೆ ಎಂಬುದು ಮಗುವಿಗೇ ಗೊತ್ತಾಗುತ್ತದೆ, ನೀವು ಹೇಳಬೇಕಾಗಿಲ್ಲ.

ಆಮೇಲೆ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೈಗೆ ಕೊಟ್ಟು, "ನನಗೆ ಇಪ್ಪತ್ತೇಳು ರೂಪಾಯಿ ಕೊಡು" ಎನ್ನಿ. ಎರಡು ನೋಟು ಕೊಡುತ್ತದೆ, ಏಳು ರೂಪಾಯಿಗೆ ಚಿಲ್ಲರೆ ಸಾಲುವುದಿಲ್ಲ. ಆಗ ತಾನಾಗಿಯೇ, "ಈ ಹತ್ತಕ್ಕೆ ಚಿಲ್ಲರೆ ಕೊಡಿ" ಎನ್ನುತ್ತದೆ. ಪುಸ್ತಕದಲ್ಲಿ ಹತ್ತರ ಸ್ಥಾನದಿಂದ ಸಾಲ ತೆಗೆದುಕೊಳ್ಳುವುದು ಎಂದರೆ ಇಷ್ಟೇ. ಇಷ್ಟಾದ ಮೇಲೂ ಹೊಳೆಯದಿದ್ದರೆ ಆ ಲೆಕ್ಕದ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಸುತ್ತು ಹಾಕಿ ಹಾಗೆಯೇ ಕಳುಹಿಸಿ. ಆ ಸುತ್ತು ಶಿಕ್ಷಕರಿಗೆ, "ಇಲ್ಲಿ ನೋಡಿ" ಎಂದು ಹೇಳುತ್ತದೆ.

ಬೈಗುಳದ ವಿಷಯ ಮಾತ್ರ ಮೇಡಂ ಕೈಯಲ್ಲಿದೆ. ತಪ್ಪಿದ್ದ ಹಾಳೆಗೆ ತರಗತಿಯಲ್ಲಿ ಬೈದರೆ ಎರಡನೇ ವಾರದಿಂದ ಎಲ್ಲಾ ಹಾಳೆಗಳೂ ಸರಿಯಾಗಿಯೇ ಬರುತ್ತವೆ ಮತ್ತು ನಾವು ಮೊದಲಿದ್ದಲ್ಲಿಗೇ ಹೋಗಿ ನಿಲ್ಲುತ್ತೇವೆ. ಹೋಂವರ್ಕಿಗೆ ಅಂಕ ಕೊಡಬಾರದು.

ಇಬ್ಬರು ಮಕ್ಕಳ ಅಮ್ಮ, ಹಾಸನ

ವಾರಕ್ಕೊಂದು ಹಾಳೆ ಎಂದರೆ ನನ್ನ ಮಗಳು ಅದನ್ನು ಶುಕ್ರವಾರ ರಾತ್ರಿ ತೆಗೆಯುತ್ತಾಳೆ, ಎರಡು ಗಂಟೆ ಒಟ್ಟಿಗೆ ಅಳುತ್ತಾಳೆ. ಇದಕ್ಕೇನು ಪರಿಹಾರ?

ನಲಿಕಲಿ ಶಿಕ್ಷಕಿ, ಎಚ್.ಡಿ. ಕೋಟೆ

ಹಾಳೆಯನ್ನೇ ಐದು ಭಾಗ ಮಾಡಿ ವಾರದ ಹೆಸರು ಬರೆದುಬಿಡಬೇಕು. ಸೋಮವಾರದಿಂದ ಶುಕ್ರವಾರಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಗುತ್ತದೆ. ಜೊತೆಗೆ ಬುಧವಾರ ಶಿಕ್ಷಕರು ಒಮ್ಮೆ ಹಾಳೆ ತೆಗೆಸಿ ನೋಡಬೇಕು, ತಿದ್ದುವುದಕ್ಕಲ್ಲ, ಶುರುವಾಗಿದೆಯೇ ಎಂದು ತಿಳಿಯುವುದಕ್ಕೆ. ಊರಹಬ್ಬವೋ ಜಾತ್ರೆಯೋ ಇರುವ ವಾರ ಎರಡು ದಿನದ ಭಾಗವನ್ನು ಒಟ್ಟಿಗೆ ಮಾಡಿದರೂ ಪರವಾಗಿಲ್ಲ. ಗಡಿಯಾರ ನೋಡಿ ಇಪ್ಪತ್ತೈದು ನಿಮಿಷವಾದರೆ ಮುಗಿಯದಿದ್ದರೂ ಮುಚ್ಚಿಡಲಿ, "ಇಷ್ಟೇ ಆಯಿತು" ಎಂದು ತಾಯಿಯೋ ಅಜ್ಜಿಯೋ ಒಂದು ಗುರುತು ಹಾಕಿದರೆ ಸಾಕು. ಹತ್ತು ಹಾಳೆಗಳಲ್ಲಿ ಅಂಥ ಗುರುತಿದ್ದರೆ ತಪ್ಪು ಮಕ್ಕಳದ್ದಲ್ಲ, ಹಾಳೆಯೇ ಉದ್ದವಾಗಿದೆ.

ಕಾನೂನು ಗೊತ್ತಿರುವವ

ಮನೆಯವರನ್ನು ಕೇಳಿ ತಿಳಿದುಕೊಂಡು ಬರುವ ಪ್ರಶ್ನೆ ಎಂದಿರಿ. ಅದರಿಂದ ಏನು ಪ್ರಯೋಜನ? ಅದಕ್ಕೆ ಉತ್ತರ ಪರೀಕ್ಷೆಯಲ್ಲಿ ಬರುವುದಿಲ್ಲವಲ್ಲ.

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಪ್ರಾಯೋಗಿಕವಾಗಿ ನಾಲ್ಕನೇ ತರಗತಿಗೆ ಕೊಟ್ಟಿದ್ದ ಒಂದು ಪ್ರಶ್ನೆ ಹೇಳುತ್ತೇನೆ: "ನಿನ್ನೆ ರಾತ್ರಿ ಮನೆಯಲ್ಲಿ ಏನು ಅಡುಗೆ ಮಾಡಿದ್ದರು, ಯಾರು ಮಾಡಿದರು, ಅದಕ್ಕೆ ಬೇಕಾದುದು ಎಲ್ಲಿಂದ ಬಂತು?" ರಾಗಿ ಮುದ್ದೆ, ಹುರುಳಿಕಾಳು ಸಾರು ಎಂದು ಶುರು ಮಾಡಿದ ಹುಡುಗನೊಬ್ಬ, ಹುರುಳಿ ತಮ್ಮ ಹೊಲದ್ದು, ರಾಗಿ ನ್ಯಾಯಬೆಲೆ ಅಂಗಡಿಯದ್ದು, ಉಪ್ಪು ಎಲ್ಲಿಂದ ಬಂತೆಂದು ಅಜ್ಜಿಗೂ ಗೊತ್ತಿಲ್ಲ ಎಂದು ನಿಂತುಕೊಂಡೇ ಹೇಳಿದ. ಉಪ್ಪಿನ ಪ್ರಶ್ನೆಯಿಂದ ಅಂದಿನ ಪರಿಸರ ಅಧ್ಯಯನದ ಪಾಠ ನಡೆಯಿತು. ಬರೆಯುವುದಕ್ಕೆ ಪೆನ್ಸಿಲ್ ಎತ್ತದ ಹುಡುಗ ಅವನು. ಓದು ಬರದ ಮನೆಯವರೂ ಈ ಪ್ರಶ್ನೆಗೆ ಶಿಕ್ಷಕರಾಗುತ್ತಾರೆ, ಅದಕ್ಕಾಗಿಯೇ ಇಟ್ಟಿದ್ದೇವೆ.

ನಿಮ್ಮೆಲ್ಲರ ಮಾತು ಓದಿ ಪತ್ರವನ್ನು ಹೀಗೆ ಬದಲಿಸಿದ್ದೇನೆ. ದಯವಿಟ್ಟು ನೋಡಿ:

"ಪೋಷಕರಿಗೆ ನಮಸ್ಕಾರ. ಮುಂದಿನ ತಿಂಗಳಿಂದ ಮೂರು, ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ವಾರಕ್ಕೆ ಒಂದು ಹಾಳೆಯಂತೆ ಬರುತ್ತದೆ. ದಿನಕ್ಕೆ ಇಪ್ಪತ್ತೈದು ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಬೇಡಿ. ಮಗು ಮಾಡಿದ ಪ್ರತಿಯೊಂದು ಲೆಕ್ಕವನ್ನೂ ಶಿಕ್ಷಕರು ನೋಡಿ, ಎಲ್ಲಿ ಅರ್ಥವಾಗಿಲ್ಲವೋ ಅದನ್ನು ಮತ್ತೆ ಕಲಿಸುವುದಕ್ಕಾಗಿ ಈ ಬದಲಾವಣೆ. ಆದ್ದರಿಂದ ಮಗುವಿನ ತಪ್ಪನ್ನು ಅಳಿಸಬೇಡಿ, ಸುತ್ತು ಹಾಕಿ ಕಳುಹಿಸಿ. ತಪ್ಪಿಗೆ ಬೈಯುವುದಿಲ್ಲ, ಅಂಕ ಕಡಿಯುವುದಿಲ್ಲ. ಪ್ರತಿದಿನ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದುವುದನ್ನು ಕೇಳಿ. ನಿಮಗೆ ಓದಲು ಬರಬೇಕೆಂದಿಲ್ಲ. ಹೇಗೆ ಕೇಳಬೇಕು ಎಂಬುದನ್ನು ಸಭೆಯಲ್ಲಿ ಮಾಡಿ ತೋರಿಸುತ್ತೇವೆ. ಅಂಗಡಿಯಿಂದ ಕೊಂಡು ತರಬೇಕಾದ ಯಾವ ಪ್ರಾಜೆಕ್ಟನ್ನೂ ಇನ್ನು ಮುಂದೆ ಕೊಡುವುದಿಲ್ಲ."

ನಿವೃತ್ತ ಮೇಷ್ಟ್ರು, ಸಾಗರ

ಪತ್ರ ಚೆನ್ನಾಗಿದೆ. ದಿನಕ್ಕೆ ಐದು ಸಾಲು ಕಾಪಿ ಬರಹವನ್ನು ಶಾಲೆಯಲ್ಲಿಯೇ ಬರೆಸುತ್ತೇವೆ ಎಂದು ಒಂದು ವಾಕ್ಯ ಸೇರಿಸಿ. ನನ್ನಂಥ ಅಜ್ಜಂದಿರೂ ಸಭೆಗೆ ಬರುತ್ತಾರೆ.

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಆಗಲಿ ಮೇಷ್ಟ್ರೇ, ಬೆಳಗಿನ ಮೊದಲ ಅವಧಿಯಲ್ಲಿ ಅದಕ್ಕೆ ಸಮಯವಿದೆ, ಸೇರಿಸುತ್ತೇನೆ.

ದಾವಣಗೆರೆಯ ಅಪ್ಪ

"ಪ್ರತಿಯೊಂದು ಲೆಕ್ಕವನ್ನೂ ನೋಡುತ್ತೇವೆ" ಎಂದು ಬರೆದಿದ್ದೀರಿ. ಚುನಾವಣೆ ಕೆಲಸ, ಜನಗಣತಿ, ತರಬೇತಿ ಎಂದು ಶಿಕ್ಷಕರು ಹೋದ ವಾರ ಯಾರು ನೋಡುತ್ತಾರೆ? ಈ ಮಾತು ತಪ್ಪಿದರೆ ನಾನೇ ಮೊದಲು ಬಂದು ಕೇಳುವವನು.

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಶಿಕ್ಷಕರು ರಜೆಯಲ್ಲಿ ಅಥವಾ ಬೇರೆ ಕರ್ತವ್ಯದಲ್ಲಿ ಇರುವ ವಾರ ಹಾಳೆಯನ್ನೇ ಕೊಡುವುದಿಲ್ಲ, ಓದು ಮಾತ್ರ ಇರುತ್ತದೆ. ಇದನ್ನೂ ಪತ್ರದಲ್ಲಿ ಹಾಕುತ್ತೇನೆ.

ಗಾರ್ಮೆಂಟ್ಸ್ ತಾಯಿ, ರಾಮನಗರ

ಮೇಡಂ, ಸಭೆಯನ್ನು ಶನಿವಾರ ಮಧ್ಯಾಹ್ನ ಇಟ್ಟರೆ ನನ್ನಂಥವರು ಬರಲು ಆಗುವುದಿಲ್ಲ, ಅರ್ಧ ದಿನದ ಸಂಬಳ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಇಡಿ. ಇನ್ನೊಂದು ಪ್ರಶ್ನೆ: ಶಾಲೆಯಲ್ಲಿ ಕಡಿಮೆ ಕೊಟ್ಟರೆ ಟ್ಯೂಷನ್‌ನವರು ತಾವೇ ನಾಲ್ಕು ಪುಟ ಕೊಡುತ್ತಾರೆ. ಬಿಡಿಸಿದರೆ ನಾನು ಬರುವವರೆಗೆ ಮಗು ಎಲ್ಲಿರಬೇಕು?

ನಲಿಕಲಿ ಶಿಕ್ಷಕಿ, ಎಚ್.ಡಿ. ಕೋಟೆ

ನೀವು ಕೊಡುತ್ತಿರುವ ಐನೂರು ರೂಪಾಯಿ ಪಾಠಕ್ಕಲ್ಲ, ಮಗುವನ್ನು ನೋಡಿಕೊಳ್ಳುವುದಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ಶಾಲೆಯ ಹಾಳೆಯನ್ನು ಟ್ಯೂಷನ್‌ಗೆ ಕಳುಹಿಸದೆ ಮನೆಯಲ್ಲಿಯೇ ಇಟ್ಟುಕೊಳ್ಳಿ, ಅಷ್ಟಾದರೂ ಅದು ಮಗುವಿನದೇ ಕೆಲಸವಾಗಿ ಉಳಿಯುತ್ತದೆ.

ಡಯಟ್ ಉಪನ್ಯಾಸಕ

ಅದು ತಾತ್ಕಾಲಿಕ ಉಪಾಯ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಕೆಲಸಕ್ಕೆ ಹೋದವರ ಮಕ್ಕಳು ಎಲ್ಲಿರಬೇಕು ಎಂಬುದಕ್ಕೆ ಹೋಂವರ್ಕ್ ನೀತಿಯಲ್ಲಿ ಉತ್ತರವಿಲ್ಲ. ಕೆಲವು ಊರುಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಂಜೆಯೂ ತೆರೆದಿರುತ್ತವೆ. ನಿಮ್ಮ ಭಾಗದಲ್ಲಿ ಹೇಗಿದೆ ಮೇಡಂ?

ಮುಖ್ಯಶಿಕ್ಷಕಿ, ತುಮಕೂರು ಜಿಲ್ಲೆ

ಗ್ರಂಥಾಲಯವಿದೆ, ಆದರೆ ಹೆದ್ದಾರಿ ದಾಟಿ ಹೋಗಬೇಕು. ಮೂರನೇ ತರಗತಿಯ ಮಕ್ಕಳನ್ನು ಒಂಟಿಯಾಗಿ ಕಳುಹಿಸಲಾಗುವುದಿಲ್ಲ. ಶಾಲೆಯ ಒಂದು ಕೊಠಡಿಯನ್ನು ಸಂಜೆ ಆರರವರೆಗೆ ತೆರೆದಿಡಲು ಆಡಳಿತ ಮಂಡಳಿಯನ್ನು ಕೇಳಿದ್ದೇನೆ. ಜವಾಬ್ದಾರಿ ಯಾರದ್ದು ಎಂಬ ಪ್ರಶ್ನೆಯ ಮೇಲೆ ಅದು ನಿಂತಿದೆ. ಸಭೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಿಸಿದ್ದೇನೆ. ತೆಲುಗು ಮತ್ತು ಉರ್ದು ಮಾತನಾಡುವ ಪೋಷಕರಿಗಾಗಿ ಪತ್ರವನ್ನು ಆ ಭಾಷೆಗಳಲ್ಲಿ ಓದಿ ಹೇಳಲು ಇಬ್ಬರು ತಾಯಂದಿರು ಒಪ್ಪಿದ್ದಾರೆ.